ತೆರಿಗೆ ಮನೆಗೋ, ಕೈಸೇರಿದ ಬಾಡಿಗೆಗೋ?

ಜುಲೈ ತಿಂಗಳಲ್ಲಿ ಬೆಂಗಳೂರಿನ ಆಡಿಟರ್ ಕಚೇರಿಗಳ ಮೇಜಿನ ಮೇಲೆ ಪ್ಲಾಸ್ಟಿಕ್ ಫೋಲ್ಡರುಗಳು ಸಾಲುಗಟ್ಟುತ್ತವೆ. ಮನೆ ಬಾಡಿಗೆಗೆ ಕೊಟ್ಟವರ ಫೋಲ್ಡರಿನಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಕಾಗದ ಇರುತ್ತದೆ. ಒಂದು, ಬಾಡಿಗೆ ರಸೀದಿಗಳ ಕಟ್ಟು. ನಗದು ಪಡೆದ ತಿಂಗಳಿನ ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಅಂಟಿಸಿ ಅದರ ಮೇಲೆ ಅಡ್ಡಸಹಿ ಹಾಕಿರುತ್ತಾರೆ. ಇನ್ನೊಂದು, ಗೃಹಸಾಲ ಕೊಟ್ಟ ಬ್ಯಾಂಕಿನ ಬಡ್ಡಿ ಪ್ರಮಾಣಪತ್ರ. ವರ್ಷವಿಡೀ ಕಟ್ಟಿದ ಕಂತಿನಲ್ಲಿ ಅಸಲೆಷ್ಟು, ಬಡ್ಡಿಯೆಷ್ಟು ಎಂದು ಅದು ಬೇರ್ಪಡಿಸಿ ಹೇಳುತ್ತದೆ. ರಸೀದಿಯ ಮೊತ್ತದಿಂದ ಬಡ್ಡಿಯ ಮೊತ್ತ ಕಳೆದರೆ ಲೆಕ್ಕ ಮುಗಿಯಿತು ಎಂದು ಮಾಲೀಕರು ನಂಬಿರುತ್ತಾರೆ.

ಆದರೆ ಕಾನೂನು ಕೇಳುವ ಮೊದಲ ಪ್ರಶ್ನೆ ಬೇರೆಯೇ. ಬಾಡಿಗೆ ಎಷ್ಟು ಬಂತು ಎನ್ನುವುದಕ್ಕೂ ಮುಂಚೆ, ಆ ಮನೆಗೆ ಎಷ್ಟು ಬಾಡಿಗೆ ಬರಬಹುದಿತ್ತು ಎಂದು ಅದು ಕೇಳುತ್ತದೆ. ತೆರಿಗೆ ಬೀಳುವುದು ಮನೆಯ ಯೋಗ್ಯತೆಯ ಮೇಲೋ, ಮಾಲೀಕನ ಕೈಗೆ ಬಂದ ಹಣದ ಮೇಲೋ ಎಂಬ ವಾದ ಭಾರತದ ಆದಾಯ ತೆರಿಗೆಯಷ್ಟೇ ಹಳೆಯದು. ಅಡ್ವಾನ್ಸ್, ಭೋಗ್ಯ, ಖಾಲಿ ಬಿದ್ದ ತಿಂಗಳು, ಮೇಂಟೆನೆನ್ಸ್ ಇವುಗಳ ಸುತ್ತ ಇಂದಿಗೂ ಏಳುವ ಜಗಳಗಳ ಬೇರು ಅಲ್ಲಿದೆ.

ಲೆಕ್ಕದ ಹುಟ್ಟು

1922ರ ಆದಾಯ ತೆರಿಗೆ ಕಾಯ್ದೆಯ 9ನೇ ಸೆಕ್ಷನ್ ಮನೆಯ ‘ವಾರ್ಷಿಕ ಮೌಲ್ಯ’ದ ಮೇಲೆ ತೆರಿಗೆ ಹಾಕಿತು. ವರ್ಷದಿಂದ ವರ್ಷಕ್ಕೆ ಬಾಡಿಗೆಗೆ ಕೊಟ್ಟರೆ ಆ ಮನೆಗೆ ನ್ಯಾಯವಾಗಿ ಎಷ್ಟು ಸಿಗಬಹುದು ಎಂಬ ಅಂದಾಜೇ ವಾರ್ಷಿಕ ಮೌಲ್ಯ. 1961ರ ಕಾಯ್ದೆಯೂ ಅದೇ ಮಾತನ್ನು 23ನೇ ಸೆಕ್ಷನ್ನಿಗೆ ತಂದುಕೊಂಡಿತು. ನಿಜವಾಗಿ ಬಂದ ಬಾಡಿಗೆ ಆ ಅಂದಾಜಿಗಿಂತ ಹೆಚ್ಚಿದ್ದರೆ ಹೆಚ್ಚಿನದ್ದನ್ನೇ ತೆಗೆದುಕೊಳ್ಳಬೇಕು ಎಂಬ ನಿಯಮ ಸೇರಿದ್ದು 1975ರ ತಿದ್ದುಪಡಿಯಿಂದ. ಅದು 1976ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅಲ್ಲಿಯವರೆಗೆ ಬಾಡಿಗೆ ರಸೀದಿ ಅಂದಾಜಿಗೆ ನೆರವಾಗುವ ಸಾಕ್ಷಿಯಷ್ಟೇ ಆಗಿತ್ತು. ಅಲ್ಲಿಂದಾಚೆಗೆ ಅದಕ್ಕೆ ಕಾಯ್ದೆಯಲ್ಲೇ ಸ್ವಂತದ ಜಾಗ ಸಿಕ್ಕಿತು.

ಖರ್ಚಿನ ಕಡೆಯ ಕಥೆ ಇನ್ನೊಂದು ದಾರಿ ಹಿಡಿಯಿತು. ಮೊದಲು ರಿಪೇರಿಗೆ ಆರನೇ ಒಂದು ಪಾಲು, ಬಾಡಿಗೆ ವಸೂಲಿಗೆ ಇಷ್ಟು, ವಿಮೆಗೆ ಇಷ್ಟು, ನೆಲಬಾಡಿಗೆಗೆ ಇಷ್ಟು, ಖಾಲಿ ಬಿದ್ದದ್ದಕ್ಕೆ ಇಷ್ಟು ಎಂದು ಉದ್ದದ ಪಟ್ಟಿ ಇತ್ತು. 2001ರ ಹಣಕಾಸು ಕಾಯ್ದೆ ಆ ಪಟ್ಟಿಯನ್ನೆಲ್ಲ ಅಳಿಸಿ, ಎರಡೇ ಕಡಿತ ಉಳಿಸಿತು. ಒಂದು, ವಾರ್ಷಿಕ ಮೌಲ್ಯದ 30%. ಇನ್ನೊಂದು, ಸಾಲದ ಬಡ್ಡಿ. ಇಂದಿನ ಲೆಕ್ಕದ ರೂಪ ಅದೇ. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಸೆಕ್ಷನ್ ಸಂಖ್ಯೆಗಳನ್ನು ಬದಲಿಸಿದರೂ ಈ ಚೌಕಟ್ಟನ್ನು ಮುರಿದಿಲ್ಲ. 2025-26ನೇ ಹಣಕಾಸು ವರ್ಷದ ಬಾಡಿಗೆಯ ಲೆಕ್ಕ ಹಳೆಯ ಕಾಯ್ದೆಯಡಿಯಲ್ಲೇ ನಡೆಯುತ್ತದೆ.

ಯಲಹಂಕದ ಒಂದು ಫ್ಲ್ಯಾಟ್

ವಾದಗಳಿಗೆ ಹೋಗುವ ಮುನ್ನ ಒಂದು ಉದಾಹರಣೆಯನ್ನು ಕೈಯಲ್ಲಿ ಹಿಡಿಯುವುದು ಒಳ್ಳೆಯದು. ಯಲಹಂಕದಲ್ಲಿ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ, ಅರ್ಧರ್ಧ ಪಾಲಿನ, ಎರಡು ಬೆಡ್‌ರೂಮಿನ ಫ್ಲ್ಯಾಟ್ ಇದೆ ಎಂದಿಟ್ಟುಕೊಳ್ಳಬಹುದು. 2025ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಹಳೆಯ ಬಾಡಿಗೆದಾರರು ತಿಂಗಳಿಗೆ 28,000 ರೂಪಾಯಿ ಕೊಟ್ಟರು. ಅಕ್ಟೋಬರ್‌ನಲ್ಲಿ ಮನೆ ಖಾಲಿ ಇತ್ತು, ಬಣ್ಣ ಹೊಡೆಸಲಾಯಿತು. ನವೆಂಬರ್‌ನಿಂದ ಹೊಸಬರು 30,000 ಕೊಡುತ್ತಿದ್ದಾರೆ. ಮಾರ್ಚ್ ತಿಂಗಳ ಬಾಡಿಗೆ ಮಾತ್ರ ಖಾತೆಗೆ ಬಂದದ್ದು ಏಪ್ರಿಲ್ 4ಕ್ಕೆ. ಮೇಂಟೆನೆನ್ಸ್ ಹಣವನ್ನು ಬಾಡಿಗೆದಾರರೇ ನೇರವಾಗಿ ಅಸೋಸಿಯೇಷನ್ನಿಗೆ ಕಟ್ಟುತ್ತಾರೆ.

ಮೊದಲ ತಪ್ಪು ಸಾಮಾನ್ಯವಾಗಿ ಇಲ್ಲೇ ಆಗುತ್ತದೆ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಈ ವರ್ಷದ ತಿಂಗಳುಗಳ ಬಾಡಿಗೆಯಾಗಿ ಮಾರ್ಚ್ 31ರೊಳಗೆ ಬಂದದ್ದು 2,88,000 ರೂಪಾಯಿ. ಆದರೆ ಕಾನೂನಿನ ಮಾತು ‘ಬಂದದ್ದು ಅಥವಾ ಬರಬೇಕಾದದ್ದು’. ಮಾರ್ಚ್ ತಿಂಗಳ ವಾಸಕ್ಕೆ ಸಲ್ಲಬೇಕಾದ 30,000 ಆ ವರ್ಷದ್ದೇ, ಹಣ ಯಾವಾಗಲೇ ಬರಲಿ. ಆದ್ದರಿಂದ ಆರು ತಿಂಗಳ 1,68,000 ಮತ್ತು ಐದು ತಿಂಗಳ 1,50,000 ಸೇರಿ ಒಟ್ಟು 3,18,000. ರಸೀದಿ ಬರೆಯುವಾಗ ಹಣ ಪಡೆದ ತಾರೀಖಿನ ಜೊತೆಗೆ ‘ಯಾವ ತಿಂಗಳ ಬಾಬ್ತು’ ಎಂದು ನಮೂದಿಸುವ ಹಳೆಯ ರೂಢಿ ಎಷ್ಟು ಉಪಯುಕ್ತ ಎಂಬುದು ಇಂಥ ಹೊತ್ತಿನಲ್ಲಿ ತಿಳಿಯುತ್ತದೆ.

ಅದೇ ಸಮುಚ್ಚಯದ ಅಂಥದೇ ಫ್ಲ್ಯಾಟುಗಳಿಗೆ ತಿಂಗಳಿಗೆ 28,000 ನಡೆಯುತ್ತಿದೆ ಎಂದಾದರೆ ವರ್ಷಕ್ಕೆ ಬರಬಹುದಾದ ಬಾಡಿಗೆ 3,36,000. ನಿಜವಾಗಿ ಬಂದದ್ದು 3,18,000. ಕಡಿಮೆಯಾದದ್ದು ಒಂದು ತಿಂಗಳು ಖಾಲಿ ಬಿದ್ದ ಕಾರಣಕ್ಕೆ ಮಾತ್ರ. ಆಗ 23(1)(ಸಿ) ಉಪನಿಯಮದಂತೆ ಕಡಿಮೆಯ ಮೊತ್ತವನ್ನೇ ತೆಗೆದುಕೊಳ್ಳಬಹುದು. ಮುಂದಿನ ಮೆಟ್ಟಿಲು ಮನೆ ಕಂದಾಯ. ಮಾಲೀಕರು ಏಪ್ರಿಲ್‌ನಲ್ಲೇ ರಿಯಾಯಿತಿಯೊಂದಿಗೆ 9,500 ರೂಪಾಯಿ ಕಟ್ಟಿದ್ದಾರೆ. ಕಂದಾಯಕ್ಕೆ ನಿಯಮ ಬಾಡಿಗೆಗೆ ತದ್ವಿರುದ್ಧ. ಕಟ್ಟಬೇಕಾದದ್ದು ಎಣಿಕೆಗೆ ಬರುವುದಿಲ್ಲ, ಆ ವರ್ಷ ಮಾಲೀಕನೇ ನಿಜವಾಗಿ ಕಟ್ಟಿದ್ದಷ್ಟೇ ಬರುತ್ತದೆ. ಅದನ್ನು ಕಳೆದರೆ 3,08,500. ಇದರ 30%, ಅಂದರೆ 92,550 ಹೋದರೆ ಉಳಿಯುವುದು 2,15,950.

ಇನ್ನು ಬಡ್ಡಿ. ವರ್ಷದ ಆರಂಭದಲ್ಲಿ ಬ್ಯಾಂಕಿನಿಂದ ಇಳಿಸಿಕೊಂಡ ಪ್ರಮಾಣಪತ್ರದಲ್ಲಿ 3,72,000 ಎಂದಿತ್ತು. ಅದರ ತಲೆಬರಹದಲ್ಲಿ ‘ಪ್ರಾವಿಷನಲ್’ ಎಂಬ ಪದವೂ ಇತ್ತು. ಇಡೀ ವರ್ಷ ಕಂತುಗಳು ನಿಗದಿಯಂತೆ ನಡೆದರೆ ಎಷ್ಟು ಬಡ್ಡಿಯಾಗುತ್ತದೆ ಎಂಬ ಮುಂಗಡ ಅಂದಾಜು ಅದು. ಕಚೇರಿಯಲ್ಲಿ ಸಂಬಳದಿಂದ ತೆರಿಗೆ ಮುರಿದುಕೊಳ್ಳುವವರಿಗೆ ಕೊಡಲು ಸಾಕು, ರಿಟರ್ನಿಗೆ ಸಾಲದು. ಈ ದಂಪತಿ ಸೆಪ್ಟೆಂಬರ್ ಕೊನೆಗೆ ಎರಡು ಲಕ್ಷ ಅಸಲು ಮುಂಗಡವಾಗಿ ತೀರಿಸಿದ್ದರು. 8.6% ಬಡ್ಡಿಯಲ್ಲಿ ಉಳಿದ ಆರು ತಿಂಗಳಿಗೆ 8,600 ರೂಪಾಯಿ ಬಡ್ಡಿ ಇಳಿಯಿತು. ಮಾರ್ಚ್ 31 ಕಳೆದ ಮೇಲೆ ತೆಗೆದ ಅಂತಿಮ ಪ್ರಮಾಣಪತ್ರ 3,63,400 ಎನ್ನುತ್ತದೆ. ಅದನ್ನು ಕಳೆದರೆ ಮನೆಯ ಲೆಕ್ಕ 1,47,450 ರೂಪಾಯಿ ನಷ್ಟಕ್ಕೆ ಬಂದು ನಿಲ್ಲುತ್ತದೆ. ಫ್ಲ್ಯಾಟ್ ಅರ್ಧರ್ಧ ಪಾಲಿನದ್ದು, ಸಾಲವೂ ಹಾಗೆಯೇ. ಹಾಗಾಗಿ ಒಬ್ಬೊಬ್ಬರಿಗೆ 73,725. ಬಾಡಿಗೆ ಗಂಡನ ಖಾತೆಗೇ ಬರುತ್ತಿದೆ ಎಂಬ ಕಾರಣಕ್ಕೆ ಪೂರ್ತಿ ಲೆಕ್ಕವನ್ನು ಅವನ ರಿಟರ್ನಿನಲ್ಲಿ ತೋರಿಸಲಾಗದು. ಪಾಲು ನಿರ್ಧಾರವಾಗುವುದು ಕ್ರಯಪತ್ರದಿಂದ, ಪಾಸ್‌ಬುಕ್ಕಿನಿಂದಲ್ಲ.

ಬರಬಹುದಾದ ಬಾಡಿಗೆ: ಪಾಲಿಕೆಯ ಮಾತೋ, ಪೇಟೆಯ ಮಾತೋ

ಈ ಲೆಕ್ಕದಲ್ಲಿ ಯಾರೂ ತಕರಾರು ಎತ್ತದ ಹಾಗೆ ಕಾಣುವ 3,36,000ದ ಅಂಕಿಯೇ ನಿಜವಾಗಿ ಅತಿ ಹೆಚ್ಚು ವಾದಕ್ಕೆ ಸಿಕ್ಕಿದ್ದು. ಬರಬಹುದಾದ ಬಾಡಿಗೆಯನ್ನು ಹೇಳುವವರು ಯಾರು?

ಮೊದಲ ಪಂಥ ಬಾಡಿಗೆ ನಿಯಂತ್ರಣ ಕಾಯ್ದೆಯನ್ನು ನೆಚ್ಚಿತು. ದೇವನ್ ದೌಲತ್ ರಾಯ್ ಕಪೂರ್ ಪ್ರಕರಣದಲ್ಲಿ 1980ರಲ್ಲಿ, ಶೀಲಾ ಕೌಶಿಶ್ ಪ್ರಕರಣದಲ್ಲಿ 1981ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಸ್ಪಷ್ಟವಾಗಿತ್ತು. ಬಾಡಿಗೆ ನಿಯಂತ್ರಣ ಕಾಯ್ದೆ ಅನ್ವಯವಾಗುವ ಮನೆಗೆ ಆ ಕಾಯ್ದೆ ಒಪ್ಪುವ ಪ್ರಮಾಣಿತ ಬಾಡಿಗೆಗಿಂತ ಹೆಚ್ಚನ್ನು ನ್ಯಾಯವಾಗಿ ನಿರೀಕ್ಷಿಸಲು ಬರುವುದಿಲ್ಲ. ದೆಹಲಿ, ಮುಂಬೈಗಳ ಹಳೆಯ ಕಟ್ಟಡಗಳ ಮಾಲೀಕರಿಗೆ ಇದು ದೊಡ್ಡ ಆಸರೆ. ಬೆಂಗಳೂರಿನ ಹೊಸ ಫ್ಲ್ಯಾಟುಗಳಿಗೆ ಅದರಿಂದ ಪ್ರಯೋಜನ ಕಡಿಮೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ದೊಡ್ಡ ನಗರಗಳಲ್ಲೂ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ.

ಎರಡನೆಯ ಪಂಥ ಪಾಲಿಕೆಯ ಮೌಲ್ಯಮಾಪನವನ್ನು ಒಪ್ಪುತ್ತದೆ. ಸರ್ಕಾರದ ಒಂದು ಅಂಗ ಮನೆಯ ಬಾಡಿಗೆ ಮೌಲ್ಯ ಕಟ್ಟಿರುವಾಗ ಇನ್ನೊಂದು ಅಂಗ ಅದನ್ನು ಏಕೆ ಅನುಮಾನಿಸಬೇಕು ಎಂಬುದು ಅದರ ನಿಲುವು. ಮೂರನೆಯ ಪಂಥ ಪೇಟೆಯ ದರವನ್ನೇ ಅಳತೆಗೋಲಾಗಿ ಹಿಡಿಯುತ್ತದೆ. 2011ರಲ್ಲಿ ದೆಹಲಿ ಹೈಕೋರ್ಟಿನ ಪೂರ್ಣಪೀಠ ಮೋನಿ ಕುಮಾರ್ ಸುಬ್ಬಾ ಪ್ರಕರಣದಲ್ಲೂ, 2014ರಲ್ಲಿ ಬಾಂಬೆ ಹೈಕೋರ್ಟ್ ಟಿಪ್ ಟಾಪ್ ಟೈಪೋಗ್ರಫಿ ಪ್ರಕರಣದಲ್ಲೂ ಇವೆರಡರ ನಡುವೆ ದಾರಿ ಹುಡುಕಿದವು. ಪಾಲಿಕೆಯ ಮೌಲ್ಯ ಒಳ್ಳೆಯ ಆಧಾರ, ಆದರೆ ಅದೇ ಕೊನೆಯ ಮಾತಲ್ಲ. ಮಾಲೀಕ ಮತ್ತು ಬಾಡಿಗೆದಾರ ಸೇರಿ ಬಾಡಿಗೆಯನ್ನು ಕೃತಕವಾಗಿ ಇಳಿಸಿದ್ದಾರೆ ಎನ್ನಲು ಅಧಿಕಾರಿಯ ಬಳಿ ಗಟ್ಟಿ ಪುರಾವೆ ಇದ್ದರೆ ಆತ ಪೇಟೆಯ ದರದತ್ತ ಹೋಗಬಹುದು.

ಸಾಮಾನ್ಯ ಮಾಲೀಕರಿಗೆ ಈ ವಾದ ತಟ್ಟುವುದು ಎರಡು ಸಂದರ್ಭಗಳಲ್ಲಿ. ತಂಗಿಯ ಸಂಸಾರಕ್ಕೋ ಸ್ನೇಹಿತರಿಗೋ 28,000ದ ಮನೆಯನ್ನು 10,000ಕ್ಕೆ ಕೊಟ್ಟಾಗ ಒಂದು. ಆಗ ರಸೀದಿಗಳು ಎಷ್ಟೇ ಪ್ರಾಮಾಣಿಕವಾಗಿರಲಿ, ತೆರಿಗೆಯ ಲೆಕ್ಕ 10,000ದ ಮೇಲೆ ನಿಲ್ಲುತ್ತದೆ ಎಂಬ ಖಾತ್ರಿಯಿಲ್ಲ. ಇನ್ನೊಂದು ಸಂದರ್ಭ ಭೋಗ್ಯ.

ಅಡ್ವಾನ್ಸ್ ಮತ್ತು ಭೋಗ್ಯ

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ಪಡೆಯುವುದು ಬಹುಕಾಲದ ರೂಢಿ. ಭೋಗ್ಯದ ಮನೆಗಳಲ್ಲಿ, ಅಂದರೆ ಇಲ್ಲಿನ ಮಾತಿನಲ್ಲಿ ‘ಲೀಸಿಗೆ’ ಕೊಟ್ಟ ಮನೆಗಳಲ್ಲಿ, ತಿಂಗಳ ಬಾಡಿಗೆಯೇ ಇರುವುದಿಲ್ಲ. ಇಪ್ಪತ್ತು ಲಕ್ಷದಂಥ ಇಡುಗಂಟನ್ನು ಎರಡು ಮೂರು ವರ್ಷಕ್ಕೆ ಮಾಲೀಕನ ಬಳಿ ಇಟ್ಟು, ಖಾಲಿ ಮಾಡುವಾಗ ಅಷ್ಟನ್ನೂ ವಾಪಸು ಪಡೆಯುತ್ತಾರೆ. ರಸೀದಿ ಪುಸ್ತಕದಲ್ಲಿ ಆ ಇಡುಗಂಟಿನ ಒಂದೇ ಒಂದು ಹಾಳೆ ಇರುತ್ತದೆ.

ಈ ಹಣ ಇಟ್ಟುಕೊಂಡದ್ದರಿಂದ ಮಾಲೀಕನಿಗೆ ಸಿಗಬಹುದಾದ ಬಡ್ಡಿಯನ್ನು ಬಾಡಿಗೆಗೆ ಕೂಡಿಸಬೇಕು ಎಂದು ತೆರಿಗೆ ಇಲಾಖೆ ಹಲವು ವರ್ಷ ವಾದಿಸಿತು. ಜೆ.ಕೆ. ಇನ್ವೆಸ್ಟರ್ಸ್ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್, ಮೋನಿ ಕುಮಾರ್ ಸುಬ್ಬಾ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಅದನ್ನು ಒಪ್ಪಲಿಲ್ಲ. ಊಹೆಯ ಬಡ್ಡಿ ಬಾಡಿಗೆಯಾಗದು ಎಂಬುದು ಈಗ ಬಹುಮಟ್ಟಿಗೆ ನೆಲೆನಿಂತ ಮಾತು.

ಇದರಿಂದ ಕೆಲವು ಮಾಲೀಕರು ಭೋಗ್ಯದ ಮನೆಗೆ ತೆರಿಗೆಯೇ ಇಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದಾರೆ. ಆ ತೀರ್ಮಾನ ತಪ್ಪು. ನಿಜವಾಗಿ ಬಂದ ಬಾಡಿಗೆ ಸೊನ್ನೆಯಾದರೂ 23(1)(ಎ) ಉಪನಿಯಮದ ‘ಬರಬಹುದಾದ ಬಾಡಿಗೆ’ ಸೊನ್ನೆಯಾಗುವುದಿಲ್ಲ. ಮನೆ ಖಾಲಿಯೂ ಇಲ್ಲವಾದ್ದರಿಂದ ಖಾಲಿಯ ರಿಯಾಯಿತಿ ಸಿಗುವುದಿಲ್ಲ. ಯಲಹಂಕದ ಫ್ಲ್ಯಾಟನ್ನು ಇಡೀ ವರ್ಷ ಭೋಗ್ಯಕ್ಕೆ ಕೊಟ್ಟಿದ್ದರೆ 3,36,000ದಿಂದಲೇ ಲೆಕ್ಕ ಶುರುವಾಗುತ್ತಿತ್ತು.

ಇಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಒಂದು ಕೊಂಡಿಯಿದೆ. ಭೋಗ್ಯದ ಇಪ್ಪತ್ತು ಲಕ್ಷವನ್ನು ಮಾಲೀಕ ಸುಮ್ಮನೆ ಇಟ್ಟುಕೊಳ್ಳುವುದಿಲ್ಲ. ಬ್ಯಾಂಕಿನಲ್ಲಿ ಠೇವಣಿಯಿಟ್ಟರೆ ಅದರ ಬಡ್ಡಿ ಇತರ ಮೂಲದ ಆದಾಯವಾಗಿ ತೆರಿಗೆಗೆ ಬರುತ್ತದೆ. ಗೃಹಸಾಲಕ್ಕೆ ತುಂಬಿದರೆ ಸಾಲದ ಬಡ್ಡಿ ಇಳಿಯುತ್ತದೆ. 8.6% ದರದಲ್ಲಿ ವರ್ಷಕ್ಕೆ ಸುಮಾರು 1,72,000 ರೂಪಾಯಿಯಷ್ಟು ಇಳಿದು, ಕಳೆಯಲು ಸಿಗುವ ಮೊತ್ತವೂ ಅಷ್ಟೇ ಕುಗ್ಗುತ್ತದೆ. ಊಹೆಯ ಬಡ್ಡಿಯನ್ನು ಕೂಡಿಸದಿದ್ದರೂ ಅಡ್ವಾನ್ಸಿನ ನಿಜವಾದ ಲಾಭ ಬಡ್ಡಿ ಪ್ರಮಾಣಪತ್ರದ ಮೂಲಕ ಲೆಕ್ಕದೊಳಗೆ ಬಂದೇ ಬರುತ್ತದೆ. ಕೋರ್ಟುಗಳ ನಿಲುವು ನ್ಯಾಯವಾಗಿದೆ ಎನ್ನಲು ಇದೊಂದೇ ಕಾರಣ ಸಾಕು. ಊಹೆಯ ಬಡ್ಡಿಯನ್ನೂ ಕೂಡಿಸಿದ್ದರೆ ಒಂದೇ ಹಣ ಎರಡು ಕಡೆ ಎಣಿಕೆಯಾಗುತ್ತಿತ್ತು.

ಖಾಲಿ ಮನೆ, ಕೊಡದ ಬಾಡಿಗೆ

ಒಂದು ತಿಂಗಳು ಖಾಲಿ ಬಿದ್ದರೆ ಲೆಕ್ಕ ಸುಲಭ. ಇಡೀ ವರ್ಷ ಬಾಡಿಗೆದಾರರೇ ಸಿಗದಿದ್ದರೆ? ಸೆಕ್ಷನ್ನಿನ ಮಾತು ‘ಬಾಡಿಗೆಗೆ ಕೊಟ್ಟಿದ್ದು, ವರ್ಷಪೂರ್ತಿ ಅಥವಾ ಸ್ವಲ್ಪ ಕಾಲ ಖಾಲಿಯಿದ್ದರೆ’ ಎಂಬಂತಿದೆ. ವರ್ಷಪೂರ್ತಿ ಖಾಲಿಯಿದ್ದ ಮನೆಯನ್ನು ಬಾಡಿಗೆಗೆ ಕೊಟ್ಟ ಮನೆ ಎನ್ನುವುದು ಹೇಗೆ ಎಂಬಲ್ಲಿ ಎರಡು ಓದುಗಳು ಬೇರೆಯಾಗುತ್ತವೆ. 2007ರ ಪ್ರೇಮ್‌ಸುಧಾ ಎಕ್ಸ್‌ಪೋರ್ಟ್ಸ್ ಪ್ರಕರಣದಲ್ಲಿ ಮುಂಬೈ ತೆರಿಗೆ ನ್ಯಾಯಮಂಡಳಿ, ಬಾಡಿಗೆಗೆಂದೇ ಇಟ್ಟುಕೊಂಡು ಬಾಡಿಗೆದಾರರನ್ನು ಹುಡುಕುತ್ತಿದ್ದರೆ ಸಾಕು ಎಂದಿತು. 2011ರ ವಿವೇಕ್ ಜೈನ್ ಪ್ರಕರಣದಲ್ಲಿ ಆಂಧ್ರಪ್ರದೇಶ ಹೈಕೋರ್ಟ್, ಇರಾದೆ ಸಾಲದು, ಮನೆ ನಿಜವಾಗಿ ಬಾಡಿಗೆಗೆ ಹೋಗಿರಬೇಕು ಎಂದಿತು. ಮೊದಲ ಓದು ಮಾಲೀಕನ ಕಷ್ಟವನ್ನು ನೋಡುತ್ತದೆ, ಎರಡನೆಯದು ಪದಗಳನ್ನು ನೋಡುತ್ತದೆ. ಎರಡಕ್ಕೂ ತಮ್ಮದೇ ಕಾರಣಗಳಿವೆ. ಯಲಹಂಕದಂಥ ಸಂದರ್ಭದಲ್ಲಿ, ವರ್ಷದ ಒಂದಷ್ಟು ಕಾಲವಾದರೂ ಬಾಡಿಗೆಗೆ ಹೋಗಿದ್ದ ಮನೆಗೆ, ಈ ತೊಡಕು ಬರುವುದಿಲ್ಲ. ಬರುವುದು ಹೊಸದಾಗಿ ಕೀ ಸಿಕ್ಕ ಫ್ಲ್ಯಾಟುಗಳಿಗೆ, ಊರಾಚೆಯ ಲೇಔಟುಗಳಲ್ಲಿ ಬಾಡಿಗೆದಾರರಿಗಾಗಿ ಕಾಯುವ ಮನೆಗಳಿಗೆ.

ಬಾಡಿಗೆದಾರ ಇದ್ದೂ ಬಾಡಿಗೆ ಕೊಡದಿದ್ದರೆ ದಾರಿ ಇನ್ನೂ ಇಕ್ಕಟ್ಟಿನದ್ದು. ಬಾರದ ಬಾಡಿಗೆಯನ್ನು ಲೆಕ್ಕದಿಂದ ಬಿಡಲು ಆದಾಯ ತೆರಿಗೆ ನಿಯಮ 4 ನಾಲ್ಕು ಷರತ್ತು ಹಾಕುತ್ತದೆ. ಬಾಡಿಗೆ ಒಪ್ಪಂದ ನೈಜವಾಗಿರಬೇಕು. ಆತ ಮನೆ ಬಿಟ್ಟಿರಬೇಕು ಇಲ್ಲವೇ ಬಿಡಿಸಲು ಕ್ರಮ ಕೈಗೊಂಡಿರಬೇಕು. ಆತ ಅದೇ ಮಾಲೀಕನ ಇನ್ನೊಂದು ಆಸ್ತಿಯಲ್ಲಿ ಇರಬಾರದು. ಬಾಕಿ ವಸೂಲಿಗೆ ಕೋರ್ಟಿಗೆ ಹೋಗಿರಬೇಕು, ಅಥವಾ ಹೋದರೂ ಫಲವಿಲ್ಲ ಎಂದು ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕು. ಅಡ್ವಾನ್ಸ್ ಹಣ ಕೈಯಲ್ಲಿರುವಾಗ ಬಾಕಿಯನ್ನು ಅದರಿಂದಲೇ ಮುರಿದುಕೊಂಡರೆ ಅಲ್ಲಿಗೆ ಬಾಡಿಗೆ ಬಂದಂತೆಯೇ. ಮುಂದೆಂದೋ ಬಾಕಿ ವಸೂಲಾದರೆ ಆ ವರ್ಷ ತೆರಿಗೆಗೆ ಬರುತ್ತದೆ, ಆಗಲೂ 30% ಕಡಿತ ಸಿಗುತ್ತದೆ.

ಮೂವತ್ತರ ಕಡಿತದೊಳಗೆ ಏನೆಲ್ಲ

ಯಲಹಂಕದ ದಂಪತಿ ಬಣ್ಣಕ್ಕೆ 34,000, ಹೊಸ ಬಾಡಿಗೆದಾರರನ್ನು ತಂದ ದಲ್ಲಾಳಿಗೆ 15,000 ಕೊಟ್ಟರು ಎಂದುಕೊಂಡರೂ ಲೆಕ್ಕದ ಒಂದು ಅಂಕಿಯೂ ಬದಲಾಗುವುದಿಲ್ಲ. ಅವೆಲ್ಲ 92,550ರ ಹೊಟ್ಟೆಯೊಳಗಿವೆ. ಏನೂ ಖರ್ಚು ಮಾಡದವನಿಗೂ ಅದೇ 92,550. 2001ರ ಈ ಸರಳೀಕರಣವನ್ನು ಮೆಚ್ಚುವವರು ಬಿಲ್ಲು, ವೋಚರುಗಳ ಕಿರಿಕಿರಿ ತಪ್ಪಿದ್ದನ್ನು ಹೇಳುತ್ತಾರೆ. ಒಪ್ಪದವರು ಹಳೆಯ ಕಟ್ಟಡಗಳ ದೊಡ್ಡ ರಿಪೇರಿಯನ್ನು ತೋರಿಸುತ್ತಾರೆ.

ಮೇಂಟೆನೆನ್ಸ್ ವಿಷಯದಲ್ಲಿ ಮಾತ್ರ ಬಿರುಕು ಇದೆ. ಬಾಡಿಗೆದಾರರೇ ನೇರವಾಗಿ ಅಸೋಸಿಯೇಷನ್ನಿಗೆ ಕಟ್ಟಿದರೆ ತಕರಾರಿಲ್ಲ. ‘ಮೇಂಟೆನೆನ್ಸ್ ಸೇರಿ 31,000’ ಎಂದು ಒಪ್ಪಂದ ಬರೆದು, ಮಾಲೀಕ ಅದರಲ್ಲಿ 3,000 ಅಸೋಸಿಯೇಷನ್ನಿಗೆ ಕಟ್ಟಿದರೆ ಆ 3,000 ಬಾಡಿಗೆಯೋ ಅಲ್ಲವೋ? ನಟಿ ಶರ್ಮಿಳಾ ಟ್ಯಾಗೋರ್ ಅವರ ಪ್ರಕರಣದಲ್ಲಿ ಮುಂಬೈ ನ್ಯಾಯಮಂಡಳಿ ಸೊಸೈಟಿಯ ಮೇಂಟೆನೆನ್ಸನ್ನು ಬಾಡಿಗೆಯಿಂದ ಕಳೆದೇ ವಾರ್ಷಿಕ ಮೌಲ್ಯ ಕಟ್ಟಬಹುದು ಎಂದಿತು. ಕಾಯ್ದೆಯಲ್ಲಿ ಹೆಸರಿಲ್ಲದ ಖರ್ಚನ್ನು ಕಳೆಯಲಾಗದು ಎಂಬ ತೀರ್ಪುಗಳೂ ಇವೆ. ಈ ವ್ಯಾಜ್ಯವನ್ನು ತಪ್ಪಿಸುವ ಉಪಾಯ ಕೋರ್ಟಿನಲ್ಲಿಲ್ಲ, ಒಪ್ಪಂದದ ಬರಹದಲ್ಲಿದೆ. ಬಾಡಿಗೆ 28,000, ಮೇಂಟೆನೆನ್ಸ್ 3,000 ಎಂದು ಬೇರೆ ಬೇರೆ ಬರೆದು, ಎರಡನೆಯದನ್ನು ಬಾಡಿಗೆದಾರರೇ ಕಟ್ಟುವಂತೆ ಮಾಡಿದರೆ ಪ್ರಶ್ನೆಯೇ ಹುಟ್ಟುವುದಿಲ್ಲ.

ಬಡ್ಡಿ: ಪೂರ್ತಿ, ಎರಡು ಲಕ್ಷ, ಸೊನ್ನೆ

ಬಡ್ಡಿಯನ್ನು ಕಳೆಯುವುದರ ಹಿಂದಿನ ತರ್ಕ ಸರಳ. ಸಾಲ ಮಾಡಿ ಕೊಂಡ ಮನೆಯಿಂದ ಬಂದ ಬಾಡಿಗೆಯಲ್ಲಿ ಬ್ಯಾಂಕಿನ ಪಾಲು ಮಾಲೀಕನ ಆದಾಯವಲ್ಲ. ಬಾಡಿಗೆಗೆ ಕೊಟ್ಟ ಮನೆಗೆ 24(ಬಿ) ಸೆಕ್ಷನ್ ಇಂದಿಗೂ ಬಡ್ಡಿಗೆ ಮಿತಿ ಹಾಕಿಲ್ಲ. ಆದರೆ ಬಡ್ಡಿ ಹೆಚ್ಚಾಗಿ ಉಂಟಾದ ನಷ್ಟವನ್ನು ಸಂಬಳದ ಆದಾಯದಿಂದ ಕಳೆದುಕೊಳ್ಳಲು ಬಿಡಬೇಕೇ ಎಂಬಲ್ಲಿ ಸರ್ಕಾರದ ಮನಸ್ಸು ಎರಡು ಬಾರಿ ಬದಲಾಗಿದೆ.

2017ರವರೆಗೆ ಪೂರ್ತಿ ಬಿಡುತ್ತಿತ್ತು. ದೊಡ್ಡ ಸಾಲ ಮಾಡಿ ಎರಡನೆಯ, ಮೂರನೆಯ ಮನೆ ಕೊಂಡವರು ಸಂಬಳದ ತೆರಿಗೆಯನ್ನು ಭಾರಿಯಾಗಿ ಇಳಿಸಿಕೊಂಡರು. ಅರುಣ್ ಜೇಟ್ಲಿ ಅವರ 2017ರ ಬಜೆಟ್ ಅದಕ್ಕೆ ವರ್ಷಕ್ಕೆ ಎರಡು ಲಕ್ಷದ ತಡೆ ಹಾಕಿತು. ಉಳಿದ ನಷ್ಟವನ್ನು ಎಂಟು ವರ್ಷ ಮುಂದಕ್ಕೆ ಒಯ್ದು, ಮನೆಯಿಂದ ಬರುವ ಆದಾಯದಲ್ಲಿ ಮಾತ್ರ ಕಳೆದುಕೊಳ್ಳಬಹುದು. ಎರಡನೆಯ ಬದಲಾವಣೆ ಹೊಸ ತೆರಿಗೆ ಪದ್ಧತಿಯದ್ದು. 2023-24ನೇ ಹಣಕಾಸು ವರ್ಷದಿಂದ ಬೇರೆ ಆರಿಸಿಕೊಳ್ಳದವರಿಗೆಲ್ಲ ಅದೇ ಅನ್ವಯ. ಅದರಲ್ಲಿ ಬಾಡಿಗೆಯ ಎದುರು ಬಡ್ಡಿ ಕಳೆಯಬಹುದು, ನಷ್ಟವನ್ನು ಸಂಬಳದ ಕಡೆಗೆ ದಾಟಿಸಲು ಆಗುವುದಿಲ್ಲ.

ಯಲಹಂಕದ ದಂಪತಿಗೆ ಇದರ ಅರ್ಥ ಹೀಗೆ. ಇಬ್ಬರೂ ಹಳೆಯ ಪದ್ಧತಿಯಲ್ಲಿ 30% ದರದವರಾಗಿದ್ದರೆ 1,47,450ರ ನಷ್ಟದಿಂದ ಸೆಸ್ ಸೇರಿ ಸುಮಾರು 46,000 ರೂಪಾಯಿ ತೆರಿಗೆ ಉಳಿಯುತ್ತದೆ. ಹೊಸ ಪದ್ಧತಿಯಲ್ಲಿ ಬಾಡಿಗೆಯ ಮೇಲೆ ತೆರಿಗೆ ಸೊನ್ನೆ, ನಷ್ಟದಿಂದ ಬರುವ ಉಳಿತಾಯವೂ ಸೊನ್ನೆ. ಯಾವ ಪದ್ಧತಿ ಲಾಭ ಎಂದು ಹೋಲಿಸುವಾಗ ಈ 46,000ವನ್ನು ಹಳೆಯ ತಕ್ಕಡಿಗೆ ಹಾಕಿ ನೋಡಬೇಕು.

ಪ್ರಮಾಣಪತ್ರವನ್ನು ಓದುವುದಕ್ಕೂ ಒಂದು ಕ್ರಮವಿದೆ. ಕಂತಿನ ಅಸಲು ಇಲ್ಲಿ ಕಳೆಯಲು ಬರುವುದಿಲ್ಲ. ತಡವಾದ ಕಂತಿಗೆ ಬ್ಯಾಂಕ್ ಬಡ್ಡಿಯ ಮೇಲೆ ಹಾಕಿದ ಬಡ್ಡಿಯೂ ಬರುವುದಿಲ್ಲ. ಶೇವ್ ಕಿಸೆನ್ ಭಟ್ಟರ್ ಪ್ರಕರಣದಲ್ಲಿ 1973ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಮನೆ ಕಟ್ಟಿ ಮುಗಿಯುವ ವರ್ಷಕ್ಕಿಂತ ಮುಂಚಿನ ವರ್ಷಗಳಲ್ಲಿ ತೆತ್ತ ಬಡ್ಡಿಯನ್ನು ಐದು ಸಮಪಾಲು ಮಾಡಿ, ಮುಗಿದ ವರ್ಷದಿಂದ ಕಳೆಯಬೇಕು. ಇದು ಈ ವರ್ಷದ ಪ್ರಮಾಣಪತ್ರದಲ್ಲಿ ಇರುವುದಿಲ್ಲ, ಹಳೆಯ ವರ್ಷಗಳ ಪ್ರಮಾಣಪತ್ರಗಳನ್ನು ಜೋಪಾನ ಮಾಡಿದವರಿಗಷ್ಟೇ ದಕ್ಕುತ್ತದೆ. ಹೊಸ ಕಾಯ್ದೆಯ ಮಸೂದೆಯನ್ನು ಪರಿಶೀಲಿಸಿದ ಸಂಸತ್ತಿನ ಆಯ್ಕೆ ಸಮಿತಿ, ಬಾಡಿಗೆ ಮನೆಗೂ ಈ ಸೌಲಭ್ಯ ಉಂಟು ಮತ್ತು 30% ಲೆಕ್ಕ ಹಾಕುವುದು ಕಂದಾಯ ಕಳೆದ ಮೇಲೆ ಎಂದು ಸ್ಪಷ್ಟವಾಗಿ ಬರೆಯುವಂತೆ ಸೂಚಿಸಿತು.

ತಪ್ಪು ಅಂಕಿ ಬರೆದರೆ ಈಗ ಬೇಗ ಗೊತ್ತಾಗುತ್ತದೆ. ವರ್ಷಕ್ಕೆ ಒಂದು ಲಕ್ಷ ಮೀರಿದ ಬಾಡಿಗೆ ಕೊಟ್ಟು ಸಂಬಳದಲ್ಲಿ ಮನೆಬಾಡಿಗೆ ಭತ್ಯೆಯ ವಿನಾಯಿತಿ ಕೇಳುವ ಬಾಡಿಗೆದಾರ ತನ್ನ ಕಚೇರಿಗೆ ಮಾಲೀಕನ ಪ್ಯಾನ್ ಸಂಖ್ಯೆ ಕೊಡಬೇಕು. ಈಚಿನ ರಿಟರ್ನ್ ನಮೂನೆಗಳು ಸಾಲ ಕೊಟ್ಟ ಬ್ಯಾಂಕಿನ ಹೆಸರು, ಸಾಲದ ಖಾತೆ ಸಂಖ್ಯೆ, ಉಳಿದ ಸಾಲದ ಮೊತ್ತಗಳನ್ನೂ ಕೇಳುತ್ತವೆ. ಯಲಹಂಕದ ದಂಪತಿ ಪ್ರಾವಿಷನಲ್ ಅಂಕಿಯನ್ನೇ ತುಂಬಿದ್ದರೆ 8,600 ರೂಪಾಯಿ ಹೆಚ್ಚಿನ ನಷ್ಟ ತೋರಿಸಿ, 2,683 ರೂಪಾಯಿ ತೆರಿಗೆ ಕಡಿಮೆ ಕಟ್ಟಿದಂತಾಗುತ್ತಿತ್ತು.

ವಿದೇಶದಲ್ಲಿರುವ ಕನ್ನಡಿಗರಿಗೆ ಒಂದು ಮಾತು ಹೆಚ್ಚು ಮುಖ್ಯ. ಮಾಲೀಕ ಅನಿವಾಸಿಯಾಗಿದ್ದರೆ ಬಾಡಿಗೆ ಎಷ್ಟೇ ಇರಲಿ, ಬಾಡಿಗೆದಾರ 30% ತೆರಿಗೆಯನ್ನು ಸೆಸ್ ಸಮೇತ ಮುರಿದು ಸರ್ಕಾರಕ್ಕೆ ಕಟ್ಟಬೇಕು. ಬಡ್ಡಿ ಕಳೆದು ನಷ್ಟವೇ ಆಗಿದ್ದರೂ ಮುರಿತ ತಪ್ಪದು. ಕಡಿಮೆ ದರಕ್ಕೆ ಇಲಾಖೆಯಿಂದ ಮೊದಲೇ ಪ್ರಮಾಣಪತ್ರ ಪಡೆಯಬೇಕು, ಇಲ್ಲವೇ ರಿಟರ್ನ್ ಹಾಕಿ ವಾಪಸಿಗೆ ಕಾಯಬೇಕು.

ಇನ್ನೂ ಬಗೆಹರಿಯದವು

ಹಳೆಯ ಬಾಡಿಗೆದಾರರು ಹೊರಡುವಾಗ ಅಡ್ವಾನ್ಸಿನಿಂದ ಒಂದು ತಿಂಗಳ ಬಾಡಿಗೆಯನ್ನು ಬಣ್ಣಕ್ಕೆಂದು ಮುರಿದುಕೊಳ್ಳುವುದು ಬೆಂಗಳೂರಿನ ರೂಢಿ. ಯಲಹಂಕದಲ್ಲಿ ಅದು 28,000. ಅದು ಬಾಡಿಗೆಯ ಭಾಗವೋ, ಆದ ಖರ್ಚಿನ ಭರ್ತಿಯೋ? ಕಾಯ್ದೆಯಲ್ಲಿ ಇದಕ್ಕೆ ನೇರ ಉತ್ತರವಿಲ್ಲ. ಬಾಡಿಗೆ ಎನ್ನುವವರು 30% ಕಡಿತದಲ್ಲಿ ಬಣ್ಣದ ಖರ್ಚು ಆಗಲೇ ಸೇರಿದೆ ಎಂದು ತೋರಿಸುತ್ತಾರೆ. ಭರ್ತಿ ಎನ್ನುವವರು ಒಪ್ಪಂದದಲ್ಲಿ ಅದನ್ನು ಬಣ್ಣದ ಬಾಬ್ತು ಎಂದೇ ಬರೆದಿರುವುದನ್ನು ತೋರಿಸುತ್ತಾರೆ. ಮುರಿದ ಹಣ ಬಣ್ಣದ ಬಿಲ್ಲಿಗಿಂತ ಹೆಚ್ಚಾದಾಗ ಎರಡನೆಯ ವಾದ ಸಡಿಲವಾಗುತ್ತದೆ. ಇಲ್ಲಿ ಬಿಲ್ಲು 34,000 ಆದ್ದರಿಂದ ಅದಕ್ಕೆ ಬಲವಿದೆ.

ಹೊಸ ಪದ್ಧತಿಯಲ್ಲಿ ಆದ ನಷ್ಟ ಏನಾಗುತ್ತದೆ ಎಂಬುದು ಇನ್ನೂ ದೊಡ್ಡ ಪ್ರಶ್ನೆ. 71ಬಿ ಸೆಕ್ಷನ್ ಎಂಟು ವರ್ಷ ಮುಂದಕ್ಕೆ ಒಯ್ಯಬಹುದು ಎನ್ನುತ್ತದೆ. ಹೊಸ ಪದ್ಧತಿಯ 115ಬಿಎಸಿ ಸೆಕ್ಷನ್, ಕಳೆಯಲು ಬಿಡದ ನಷ್ಟಗಳನ್ನು ಆಗಲೇ ಪೂರ್ತಿ ಕಳೆದಾಯಿತೆಂದು ಭಾವಿಸಬೇಕು ಎನ್ನುತ್ತದೆ. ಸಂಬಳದ ಕಡೆಗೆ ದಾಟಿಸುವುದನ್ನಷ್ಟೇ ನಿಲ್ಲಿಸುವುದು ಕಾನೂನಿನ ಉದ್ದೇಶ, ಮುಂದಿನ ವರ್ಷದ ಬಾಡಿಗೆಯ ಎದುರು ಕಳೆಯುವುದನ್ನಲ್ಲ ಎಂದು ಒಂದು ಓದು ಹೇಳುತ್ತದೆ. ಪದಗಳನ್ನು ಇದ್ದ ಹಾಗೆ ಓದುವವರು ನಷ್ಟ ಅಲ್ಲಿಗೇ ಮುಗಿಯಿತು ಎನ್ನುತ್ತಾರೆ.

ಆ ಪ್ರಶ್ನೆಯ ಬಾಲ ಮನೆ ಮಾರುವ ದಿನದವರೆಗೂ ಚಾಚಿಕೊಂಡಿದೆ. 24(ಬಿ) ಅಡಿ ಕಡಿತವಾಗಿ ಕೇಳಿದ ಬಡ್ಡಿಯನ್ನು ಮಾರಾಟದ ಲಾಭ ಲೆಕ್ಕ ಹಾಕುವಾಗ ಮನೆಯ ಕೊಂಡ ಬೆಲೆಗೆ ಕೂಡಿಸಿಕೊಳ್ಳುವಂತಿಲ್ಲ ಎಂದು 2023ರ ಹಣಕಾಸು ಕಾಯ್ದೆ ಹೇಳಿತು. ಒಂದೇ ಬಡ್ಡಿಗೆ ಎರಡು ಸಲ ಲಾಭ ಪಡೆಯುವುದನ್ನು ತಡೆಯುವುದು ಅದರ ಉದ್ದೇಶ. ಯಲಹಂಕದ ದಂಪತಿ ಹೊಸ ಪದ್ಧತಿಯಲ್ಲಿದ್ದರೆ 3,63,400ರ ಬಡ್ಡಿಯಲ್ಲಿ 2,15,950 ಬಾಡಿಗೆಯನ್ನು ಸೊನ್ನೆ ಮಾಡಲು ಬಳಕೆಯಾಯಿತು. ಉಳಿದ 1,47,450ನ್ನು ರಿಟರ್ನಿನಲ್ಲಿ ಬರೆದದ್ದು ನಿಜ, ಅದರಿಂದ ಒಂದು ರೂಪಾಯಿ ತೆರಿಗೆಯೂ ಉಳಿಯಲಿಲ್ಲ. ಅದನ್ನು ‘ಕಡಿತವಾಗಿ ಕೇಳಿದ’ ಬಡ್ಡಿ ಎನ್ನಬೇಕೋ ಬೇಡವೋ ಎಂಬುದರ ಮೇಲೆ, ಹತ್ತು ವರ್ಷ ಕಳೆದು ಫ್ಲ್ಯಾಟ್ ಮಾರಿದಾಗ ಅವರ ಲಾಭದ ಲೆಕ್ಕ ಲಕ್ಷಗಳಲ್ಲಿ ವ್ಯತ್ಯಾಸವಾಗುತ್ತದೆ. ಅಂಥದ್ದೊಂದು ಮಾರಾಟದ ತೀರ್ಪು ಬರುವವರೆಗೆ ಆ ವರ್ಷಗಳ ಅಂತಿಮ ಬಡ್ಡಿ ಪ್ರಮಾಣಪತ್ರಗಳನ್ನು ಅವರು ಕ್ರಯಪತ್ರದ ಜೊತೆಗೇ ಇಟ್ಟುಕೊಂಡಿರಬೇಕಾಗುತ್ತದೆ.